ರಾಜ್ಯ ಕೇಳುವ ಮೊದಲು ಪಿನ್ ಕೇಳಬೇಕು: ಗಡಿಯೂರಿನ ವಿಳಾಸ ಮತ್ತು ಅರ್ಧಕ್ಕೆ ನಿಲ್ಲುವ ಆರ್ಡರ್‌ಗಳು

1. ಸಮಸ್ಯೆ

ಆನ್‌ಲೈನ್ ಅಂಗಡಿಗಳಲ್ಲಿ ಸರಕು ತುಂಬಿದ 100 ಕಾರ್ಟ್‌ಗಳಲ್ಲಿ ಸುಮಾರು 70 ಹಣ ಪಾವತಿಯಾಗದೆ ಉಳಿಯುತ್ತವೆ ಎಂದು ಡೆನ್ಮಾರ್ಕಿನ ಬೇಮಾರ್ಡ್ ಸಂಸ್ಥೆ ಹಲವು ಅಧ್ಯಯನಗಳ ಸರಾಸರಿಯಿಂದ ಹೇಳುತ್ತದೆ. ಅದೇ ಸಂಸ್ಥೆಯ ಸಮೀಕ್ಷೆಗಳಲ್ಲಿ ಗ್ರಾಹಕರು ಕೊಡುವ ಮುಖ್ಯ ಕಾರಣ, ಕೊನೆಯ ಹಂತದಲ್ಲಿ ಕಾಣಿಸಿಕೊಳ್ಳುವ ಸಾಗಣೆ ಮತ್ತಿತರ ವೆಚ್ಚ. ಹೀಗೆ ಬಿಟ್ಟುಹೋದವರಲ್ಲಿ ಸುಮ್ಮನೆ ನೋಡಲು ಬಂದವರೂ ಇರುತ್ತಾರೆ, ಅವರನ್ನು ಯಾವ ವಿನ್ಯಾಸವೂ ತಡೆಯಲಾರದು. ಕೊಳ್ಳಲೆಂದೇ ಬಂದು ನಮೂನೆಯಲ್ಲಿ ಸಿಕ್ಕಿಕೊಂಡು ಹಿಂದಿರುಗುವವರು ಬೇರೆ. ಈ ಲೇಖನ ಅವರನ್ನು ಕುರಿತದ್ದು.

ಇಲ್ಲಿ ಪರೀಕ್ಷೆಗೆ ಆರಿಸಿಕೊಂಡಿರುವುದು ಒಂದು ವಿಳಾಸವನ್ನು: ಮು.ಪೋ. ತಿಕೋಂಡಿ, ತಾ. ಜತ್ತ, ಜಿ. ಸಾಂಗಲಿ. ಊರು ಮಹಾರಾಷ್ಟ್ರದ್ದು, ಮನೆಮಾತು ಕನ್ನಡ. ಅಲ್ಲಿನ ಓದುಗರೊಬ್ಬರು ಬೆಂಗಳೂರಿನ ಪ್ರಕಾಶಕರ ಜಾಲತಾಣದಿಂದ ಮೂರು ಕನ್ನಡ ಪುಸ್ತಕ ತರಿಸುತ್ತಾರೆ ಎಂದಿಟ್ಟುಕೊಳ್ಳೋಣ. ಕನ್ನಡದ ಅಂಗಡಿಯ ನಮೂನೆ ಕರ್ನಾಟಕದ ಗ್ರಾಹಕರನ್ನೇ ಮನಸ್ಸಿನಲ್ಲಿಟ್ಟುಕೊಂಡು ರಚಿತವಾಗಿದ್ದರೆ ಈ ವಿಳಾಸ ಅದರ ದೋಷಗಳನ್ನೆಲ್ಲ ಒಂದೊಂದಾಗಿ ಹೊರಗೆಳೆಯುತ್ತದೆ. ನನ್ನ ವಾದ ಇಷ್ಟು: ಪಿನ್‌ಕೋಡನ್ನು ಚೆಕ್‌ಔಟ್‌ನ ಕೊನೆಯಿಂದ ಕಾರ್ಟ್‌ನ ಪುಟಕ್ಕೇ ತಂದರೆ ಆರ್ಡರ್ ನಿಲ್ಲುವ ಹಲವು ಕಾರಣಗಳು ಒಟ್ಟಿಗೇ ಕಡಿಮೆಯಾಗುತ್ತವೆ.

2. ಒಂದು ಸಂಖ್ಯೆ, ಮೂರು ಉತ್ತರ

ಕಾರ್ಟ್ ತೆರೆದವರ ಮನಸ್ಸಿನಲ್ಲಿ ಮೂರು ಪ್ರಶ್ನೆ ಇರುತ್ತವೆ. ನಮ್ಮೂರಿಗೆ ಕಳಿಸುತ್ತಾರೆಯೇ? ಎಲ್ಲ ಸೇರಿ ಎಷ್ಟಾಗುತ್ತದೆ? ಎಂದಿಗೆ ಬರುತ್ತದೆ? ಈ ಮೂರಕ್ಕೂ ಉತ್ತರ ಕೊಡಲು ಅಂಗಡಿಗೆ ಬೇಕಾದದ್ದು ಸರಕಿನ ತೂಕ ಮತ್ತು ಪಿನ್‌ಕೋಡ್ ಮಾತ್ರ. ಹೆಸರು, ಮೊಬೈಲ್, ಪಾಸ್‌ವರ್ಡ್ ಬೇಕಿಲ್ಲ. ಆದರೂ ಬಹಳ ತಾಣಗಳು ಮೊದಲು ಖಾತೆ ತೆರೆಸಿ, ವಿಳಾಸವನ್ನೆಲ್ಲ ಬರೆಸಿ, ಆಮೇಲೆ ಸಾಗಣೆ ದರ ಹೇಳುತ್ತವೆ.

ಮೂರು ಪುಸ್ತಕಗಳ ಬೆಲೆ ₹640, ತೂಕ 1.1 ಕಿಲೋ ಎಂದುಕೊಳ್ಳೋಣ. ಓದುಗರು ಕಾರ್ಟ್ ಪುಟದಲ್ಲೇ 416ರಿಂದ ಶುರುವಾಗುವ ತಮ್ಮ ಪಿನ್ ಹಾಕಿದ ಕೂಡಲೇ ‘ಸಾಗಣೆ ₹90, ಒಟ್ಟು ₹730’ ಎಂದು ಕಾಣಬೇಕು. ಪುಸ್ತಕ ಕೈಗೆ ಬಂದಾಗ ಹಣ ಕೊಡುವುದಕ್ಕೆ ಇನ್ನೂ ₹40 ಆಗುವುದಿದ್ದರೆ ಅದನ್ನೂ ಇಲ್ಲೇ ಹೇಳಬೇಕು. ಮುಂದಿನ ಯಾವ ಪುಟದಲ್ಲೂ ಈ ಮೊತ್ತ ಏರಬಾರದು. ಇದು ಕಾನೂನಿನ ಮಾತೂ ಹೌದು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿದೆ. ಬೆಲೆಯನ್ನು ತುಣುಕು ತುಣುಕಾಗಿ ಹೊರಗೆಡಹುವುದೂ ಕೇಳದ ವಸ್ತುವನ್ನು ಕಾರ್ಟ್‌ಗೆ ಸೇರಿಸುವುದೂ ಅವುಗಳಲ್ಲಿವೆ.

ಪಿನ್ ಬರೆಯುವ ಜಾಗವನ್ನೂ ಎಚ್ಚರದಿಂದ ಕಟ್ಟಬೇಕು.

```html
<input name="pin" inputmode="numeric" autocomplete="postal-code">
```

ಇದರಿಂದ ಮೊಬೈಲ್‌ನಲ್ಲಿ ಅಂಕಿಗಳ ಕೀಲಿಮಣೆ ತೆರೆಯುತ್ತದೆ, ಹಿಂದೆ ಬಳಸಿದ ಪಿನ್ ತಾನೇ ತುಂಬಿಕೊಳ್ಳಬಹುದು. `maxlength="6"` ಎಂದು ಸೇರಿಸದಿರುವುದು ಬೇಕೆಂದೇ. ಅಂಚೆಯ ರೂಢಿಯಂತೆ ಮೂರು ಅಂಕಿಯ ನಂತರ ಜಾಗ ಬಿಟ್ಟು ಬರೆದವರ ಕೊನೆಯ ಅಂಕಿ ಆ ಮಿತಿಯಿಂದ ಸದ್ದಿಲ್ಲದೆ ಕತ್ತರಿಸಿಹೋಗುತ್ತದೆ. ಗಡಿಯೂರಿನಲ್ಲಿ ಕನ್ನಡ ಅಂಕಿಯೂ ಬರಬಹುದು, ದೇವನಾಗರಿ ಅಂಕಿಯೂ ಬರಬಹುದು. ಅವನ್ನು ತಪ್ಪೆಂದು ತಳ್ಳದೆ ಸರ್ವರ್ ತಾನೇ 0–9ಕ್ಕೆ ಬದಲಿಸಿಕೊಳ್ಳಬೇಕು.

3. ಭಾಷೆಯಿಂದ ರಾಜ್ಯವನ್ನು ಊಹಿಸುವ ತಪ್ಪು

1972ರ ಆಗಸ್ಟ್ 15ರಂದು ಪಿನ್ ಜಾರಿಗೆ ತಂದ ಉದ್ದೇಶಗಳಲ್ಲಿ ಬೇರೆ ಬೇರೆ ಭಾಷೆಯ ಬರಹ ಮತ್ತು ಒಂದೇ ಹೆಸರಿನ ಊರುಗಳಿಂದಾಗುವ ಗೊಂದಲವನ್ನು ನೀಗಿಸುವುದೂ ಒಂದು. ಕನ್ನಡದ ತಾಣವೊಂದು ರಾಜ್ಯದ ಜಾಗದಲ್ಲಿ ‘ಕರ್ನಾಟಕ’ ಎಂದು ಮೊದಲೇ ತುಂಬಿಟ್ಟರೆ ಆ ಗೊಂದಲವನ್ನೇ ಮರಳಿ ತಂದಂತಾಗುತ್ತದೆ. ತಿಕೋಂಡಿಯ ಗ್ರಾಹಕರು ಅದನ್ನು ಗಮನಿಸದೆ ಮುಂದೆ ಹೋದರೆ ಪಿನ್ ಮತ್ತು ರಾಜ್ಯ ತಾಳೆಯಾಗುವುದಿಲ್ಲ. ‘ವಿಳಾಸ ಸರಿಯಿಲ್ಲ’ ಎಂಬ ಸೂಚನೆ ಬರುತ್ತದೆ, ಯಾವುದು ಸರಿಯಿಲ್ಲವೆಂದು ತಿಳಿಯುವುದಿಲ್ಲ. ಜಿಲ್ಲೆಗಳ ಪಟ್ಟಿಯಲ್ಲಿ ಸಾಂಗಲಿ ಇಲ್ಲದಿದ್ದರಂತೂ ಆರ್ಡರ್ ಅಲ್ಲಿಗೇ ಮುಗಿಯಿತು.

ತಾಳೆ ನೋಡದ ತಾಣದಲ್ಲಿ ದೋಷ ಬಿಲ್ಲಿಗೆ ಇಳಿಯುತ್ತದೆ. ಸರಕಿನ ಸಾಗಣೆ ಕೊನೆಗೊಳ್ಳುವ ಸ್ಥಳವೇ ಸಾಮಾನ್ಯವಾಗಿ ಜಿಎಸ್‌ಟಿಗೆ ಪೂರೈಕೆಯ ಸ್ಥಳ. ಮುದ್ರಿತ ಪುಸ್ತಕಕ್ಕೆ ತೆರಿಗೆ ಇಲ್ಲದಿರಬಹುದು. ಅದೇ ಕಾರ್ಟ್‌ನಲ್ಲಿ ತೆರಿಗೆಯಿರುವ ಒಂದು ಚೀಲವಿದ್ದರೆ ಕರ್ನಾಟಕದಿಂದ ಮಹಾರಾಷ್ಟ್ರಕ್ಕೆ ಹೋಗುವಾಗ ಐಜಿಎಸ್‌ಟಿ ಹಾಕಬೇಕು. ಗ್ರಾಹಕರು ಕೊಡುವ ಮೊತ್ತ ಬದಲಾಗದಿದ್ದರೂ ಬಿಲ್ಲು ತಪ್ಪಾಗುತ್ತದೆ.

ನಮೂನೆಯ ಒಂದೇ ಜಾಗ ಎಷ್ಟು ಹಾನಿ ಮಾಡಬಲ್ಲದೆಂಬುದಕ್ಕೆ ಪ್ರವಾಸ ಸಂಸ್ಥೆ ಎಕ್ಸ್‌ಪೀಡಿಯಾದ ಅನುಭವ ಸಾಕ್ಷಿ. ಅದರ ನಮೂನೆಯಲ್ಲಿ ‘ಕಂಪನಿ’ ಎಂಬ ಐಚ್ಛಿಕ ಜಾಗವಿತ್ತು. ಕೆಲವರು ಅಲ್ಲಿ ತಮ್ಮ ಬ್ಯಾಂಕಿನ ಹೆಸರು ಬರೆದು, ಮುಂದೆ ಬ್ಯಾಂಕಿನ ವಿಳಾಸವನ್ನೇ ಕೊಡುತ್ತಿದ್ದರು, ಕಾರ್ಡಿನ ಪರಿಶೀಲನೆ ವಿಫಲವಾಗುತ್ತಿತ್ತು. ಆ ಜಾಗವನ್ನು ತೆಗೆದದ್ದರಿಂದ ವರ್ಷಕ್ಕೆ 1.2 ಕೋಟಿ ಡಾಲರ್ ಲಾಭ ಹೆಚ್ಚಿತೆಂದು 2010ರಲ್ಲಿ ವರದಿಯಾಯಿತು.

ಆದ್ದರಿಂದ ರಾಜ್ಯ, ಜಿಲ್ಲೆಗಳನ್ನು ಅಂಚೆ ಇಲಾಖೆಯ ಪಿನ್ ಪಟ್ಟಿಯಿಂದ ತುಂಬಬೇಕು. ಒಂದು ಪಿನ್‌ಗೆ ಹಲವು ಊರು ಸೇರುವುದರಿಂದ ಊರುಗಳನ್ನು ಪಟ್ಟಿಯಾಗಿ ತೋರಿಸಿ, ಅದರಲ್ಲಿಲ್ಲದ ಹೆಸರು ಬರೆಯಲೂ ಅವಕಾಶ ಕೊಡಬೇಕು. ಮನೆ ನಂಬರ್, ರಸ್ತೆ ಎಂಬ ಕಡ್ಡಾಯ ಜಾಗಗಳು ತೋಟದ ವಸ್ತಿಯಲ್ಲಿರುವವರಿಗೆ ಅರ್ಥಹೀನ. ‘ಗಲ್ಲಿ ಅಥವಾ ವಸ್ತಿ, ಹತ್ತಿರದ ಗುರುತು’ ಎಂಬ ಒಂದೇ ಜಾಗ ಸಾಕು. ಬರೆದ ಕನ್ನಡವನ್ನು ಹಾಗೆಯೇ ಉಳಿಸಿಕೊಂಡು, ಪಾರ್ಸೆಲ್ಲಿನ ಚೀಟಿಗೆ ದೇವನಾಗರಿ ಇಲ್ಲವೇ ರೋಮನ್ ಲಿಪಿಯ ರೂಪ ತಯಾರಿಸಿ, ಅದನ್ನು ಗ್ರಾಹಕರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕು. ವಿತರಿಸುವವರಿಗೆ ಕನ್ನಡ ಓದಲು ಬರುತ್ತದೆಂದು ಭಾವಿಸುವಂತಿಲ್ಲ.

4. ಹಣ ಹೋಯಿತು, ಆರ್ಡರ್ ಇಲ್ಲ

ಯುಪಿಐ ಪಾವತಿಯ ನಡುವೆ ನೆಟ್‌ವರ್ಕ್ ಕಡಿದರೆ ಹಣ ಕಡಿತವಾಗಿ, ಅಂಗಡಿಗೆ ಖಾತ್ರಿ ತಲುಪದೆ ಇರಬಹುದು. ಆಗ ‘ವಿಫಲ, ಮತ್ತೆ ಪ್ರಯತ್ನಿಸಿ’ ಎನ್ನುವ ಪುಟ ಗ್ರಾಹಕರನ್ನು ಎರಡು ಬಾರಿ ಹಣ ಕಟ್ಟುವ ಭಯಕ್ಕೆ ದೂಡುತ್ತದೆ. ಪಾವತಿಗೆ ಕಳಿಸುವ ಮೊದಲೇ ಆರ್ಡರ್ ಸಂಖ್ಯೆ ಸೃಷ್ಟಿಸಿ, ಅದನ್ನು ‘ಬಾಕಿ’ ಎಂದು ದಾಖಲಿಸಿ, ಪಾವತಿ ಸಂಸ್ಥೆಯನ್ನು ಸರ್ವರ್ ತಾನೇ ಮತ್ತೆ ಕೇಳಿ ಖಚಿತಪಡಿಸಿಕೊಳ್ಳುವುದು ಸರಿಯಾದ ಕ್ರಮ. ಅಂಗಡಿಗೆ ಖಾತ್ರಿ ಬಾರದ ಯುಪಿಐ ಪಾವತಿಯನ್ನು ವಹಿವಾಟಿನ ದಿನದಿಂದ 5 ದಿನದೊಳಗೆ ತಾನಾಗಿ ಹಿಂದಿರುಗಿಸಬೇಕು, ತಡವಾದರೆ ದಿನಕ್ಕೆ ₹100 ಪರಿಹಾರ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್‌ನ ನಿಯಮ. ಅದನ್ನು ಆ ಪುಟದಲ್ಲೇ ಕನ್ನಡದಲ್ಲಿ ಬರೆಯಬೇಕು.

ಕೈಗೆ ಬಂದಾಗ ಹಣ ಕೊಡುವ ಆಯ್ಕೆ ಕಾರ್ಟ್ ಬಿಡುವುದನ್ನು ಕಡಿಮೆ ಮಾಡೀತು, ಆದರೆ ನಿರಾಕರಣೆಯನ್ನು ಮನೆಬಾಗಿಲಿಗೆ ಸಾಗಿಸುವ ಸಾಧ್ಯತೆಯೂ ಇದೆ. ವಿ.ಪಿ.ಪಿ. ಮೂಲಕ ಪುಸ್ತಕ ಕಳಿಸಿದ ಪ್ರಕಾಶಕರಿಗೆ ಇದು ಗೊತ್ತಿರುವ ಸಂಗತಿ: ಬಿಡಿಸಿಕೊಳ್ಳದ ಕಟ್ಟು ಹಿಂದಿರುಗುತ್ತದೆ, ಖರ್ಚು ಕಳಿಸಿದವರ ಮೇಲೆ ಬೀಳುತ್ತದೆ.

5. ಅಳತೆ

ಕಾರ್ಟ್, ಪಿನ್, ವಿಳಾಸ, ಪಾವತಿ, ವಿತರಣೆ ಎಂಬ ಐದು ಹಂತಗಳಲ್ಲಿ ಎಷ್ಟು ಮಂದಿ ಉಳಿದರೆಂದು ಬೇರೆ ಬೇರೆ ಎಣಿಸಬೇಕು. ಪಿನ್ ಹಾಕಿ ಒಟ್ಟು ಮೊತ್ತ ನೋಡಿದ ಕೂಡಲೇ ಹೋದವರಿಗೆ ದರ ಹೆಚ್ಚಾಯಿತೆಂದು ಊಹಿಸಬಹುದು. ವಿಳಾಸದಲ್ಲಿ ನಿಂತವರು 416ರಂಥ ಗಡಿ ಪಿನ್‌ಗಳಲ್ಲೇ ಹೆಚ್ಚಿದ್ದರೆ ದೋಷ ನಮೂನೆಯದು.

ಎರಡು ವಿನ್ಯಾಸಗಳನ್ನು ಹೋಲಿಸುವ ಪ್ರಯೋಗಕ್ಕೆ ಸಣ್ಣ ಅಂಗಡಿ ಆತುರಪಡಬಾರದು. ಪೂರ್ಣಗೊಳ್ಳುವ ಪ್ರಮಾಣ 30ರಿಂದ 35 ಪ್ರತಿಶತಕ್ಕೆ ಏರಿತೆಂದು ವಿಶ್ವಾಸದಿಂದ ಹೇಳಲು ಪ್ರತಿ ಗುಂಪಿಗೆ ಸುಮಾರು 1,400 ಕಾರ್ಟ್ ಬೇಕು. ತಿಂಗಳಿಗೆ 400 ಕಾರ್ಟ್ ಇರುವ ಪ್ರಕಾಶಕರಿಗೆ ಅದು ಏಳು ತಿಂಗಳ ಕೆಲಸ. ಅಂಥವರು ಬೇರೆ ಬೇರೆ ಊರಿನ ಐದಾರು ಓದುಗರು ನಮೂನೆ ತುಂಬುವುದನ್ನು ಪಕ್ಕದಲ್ಲಿ ಕುಳಿತು ನೋಡಿ, ಎಡವಿದ ಜಾಗಗಳನ್ನು ತಿದ್ದುವುದು ಹೆಚ್ಚು ಫಲಕಾರಿ.

ಪಿನ್ ಪಟ್ಟಿಗೂ ಮಿತಿಯಿದೆ. ಕೊರಿಯರ್ ಒಂದು ಪಿನ್‌ಗೆ ಹೋಗುತ್ತದೆ ಎಂದರೆ ಅದರೊಳಗಿನ ಪ್ರತಿ ವಸ್ತಿಗೂ ಹೋಗುತ್ತದೆಂದಲ್ಲ. ಹಾಗಾಗಿ ವಿನ್ಯಾಸದ ಯಶಸ್ಸನ್ನು ಹಣ ಕಟ್ಟಿದವರ ಸಂಖ್ಯೆಯಿಂದ ಅಳೆಯದೆ, ಪಿನ್ ಹಾಕಿದ ಪ್ರತಿ 100 ಮಂದಿಯಲ್ಲಿ ಎಷ್ಟು ಮಂದಿಯ ಕೈಗೆ ಪುಸ್ತಕ ತಲುಪಿತು ಎಂಬುದರಿಂದ, ಅದನ್ನೂ ಪ್ರದೇಶವಾರು ಬಿಡಿಸಿ, ಅಳೆಯಬೇಕು. ಒಟ್ಟು ಸರಾಸರಿಯೊಂದನ್ನೇ ನೋಡಿದರೆ ಬೆಂಗಳೂರಿನ ಆರ್ಡರ್‌ಗಳ ಸಂಖ್ಯೆಯಲ್ಲಿ ತಿಕೋಂಡಿಯ ತೊಂದರೆ ಕಾಣಿಸುವುದೇ ಇಲ್ಲ.