ಸಿಟಿಸಿ
‘ಕಾಸ್ಟ್ ಟು ಕಂಪನಿ’ಯ ಮೊದಲಕ್ಷರಗಳಿಂದಾದ ಸಿಟಿಸಿ ಕಂಪನಿಯ ಖರ್ಚಿನ ಲೆಕ್ಕ; ನಮ್ಮ ಮಾತಿನಲ್ಲಿ ಮಾತ್ರ ಅದು ಸಂಬಳವೆಂದೇ ಚಲಾವಣೆಯಲ್ಲಿದೆ. ಆಫರ್ ಲೆಟರಿನ 12 ಲಕ್ಷದೊಳಗೆ ವೇರಿಯಬಲ್ ಪೇ 1,20,000, 5 ಲಕ್ಷ ಮೂಲವೇತನದ ಮೇಲೆ ಕಂಪನಿ ಕಟ್ಟುವ ಶೇ 12ರ ಪಿಎಫ್ 60,000, ಶೇ 4.81ರ ಗ್ರಾಚ್ಯುಟಿ 24,050 ಸೇರಿವೆ ಎನ್ನೋಣ. ಇವನ್ನು ಕಳೆದರೆ ತಿಂಗಳಿಗೆ ಉಳಿಯುವುದು ಸುಮಾರು 83,000. ನೌಕರನ ಪಾಲಿನ ಪಿಎಫ್ 5,000 ಹೋದರೆ, ತೆರಿಗೆಗೆ ಮುಂಚೆಯೇ 78,000. ಪಿಎಫ್ ಕೊನೆಗೆ ನೌಕರನದೇ ಅಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಗ್ರಾಚ್ಯುಟಿಗೆ ಆ ಮಾತು ಸಲ್ಲದು: ಖಾಯಂ ನೌಕರ ಐದು ವರ್ಷ ತುಂಬುವ ಮೊದಲು ರಾಜೀನಾಮೆ ಕೊಟ್ಟರೆ ಸಾಮಾನ್ಯವಾಗಿ ಅದು ಕೈಸೇರದು. ವೇರಿಯಬಲ್ ಇನ್ನೂ ಸಡಿಲ. ‘ಟಾರ್ಗೆಟ್’ ಎಂದಿದ್ದರೆ ಖಾತರಿಯಿಲ್ಲ, ಪಾವತಿಯ ದಿನ ಕೆಲಸದಲ್ಲಿರಬೇಕೆಂಬ ಷರತ್ತೂ ಹಲವೆಡೆ ಉಂಟು. ಹೋಲಿಸಲು ಫಿಕ್ಸೆಡ್ ಪೇ ಮೇಲು, ಆದರೆ ಕೆಲವರು ಅದರೊಳಗೂ ಪಿಎಫ್ ತುರುಕಿರುತ್ತಾರೆ.