ನೆರಳಿನ ಅಂಚು ಯಾರ ಕೈಯಲ್ಲಿದೆ: ಮೂರು ಆಯಾಮದ ದೃಶ್ಯದಲ್ಲಿ ಕೈಯಿಂದ ಬರೆದ ಚಿತ್ರದ ಅನುಕರಣೆ

ಟೂನ್ ಶೇಡಿಂಗ್ ಎಂದು ಕರೆಯುವ ವಿಧಾನದ ಗಣಿತ ತೀರಾ ಚಿಕ್ಕದು. ಮೇಲ್ಮೈಯ ಪ್ರತಿ ಬಿಂದುವಿನಲ್ಲೂ ಹೊರಮುಖವಾಗಿ ನಿಂತ ಲಂಬದಿಕ್ಕು (ಇದನ್ನು ಕೆಲಸಗಾರರು ನಾರ್ಮಲ್ ಎನ್ನುತ್ತಾರೆ) ಬೆಳಕಿನ ದಿಕ್ಕಿನೊಡನೆ ಎಷ್ಟು ಕೋನ ಮಾಡುತ್ತದೆ ಎಂದು ನೋಡುವುದು, ಅದರ ಕೊಸೈನ್ ಒಂದು ಮಿತಿಗಿಂತ ಹೆಚ್ಚಿದ್ದರೆ ಬೆಳಕಿನ ಬಣ್ಣ, ಕಡಿಮೆಯಿದ್ದರೆ ನೆರಳಿನ ಬಣ್ಣ ಬಳಿಯುವುದು. ಅಷ್ಟೇ. ಬ್ಲೆಂಡರಿನ ಈವೀಯಲ್ಲಿ `Diffuse BSDF` ನೋಡ್‌ನಿಂದ `Shader to RGB`ಗೆ, ಅಲ್ಲಿಂದ `Constant` ಎಂದು ಇಟ್ಟ `ColorRamp`ಗೆ ತಂತಿ ಎಳೆದರೆ ಹತ್ತು ನಿಮಿಷದ ಕೆಲಸ ಮುಗಿಯಿತು. ಹಾಗಿದ್ದೂ ಹೀಗೆ ಮಾಡಿದ ಬಹುಪಾಲು ಮುಖಗಳು ಕೈಯಿಂದ ಬರೆದಂತೆ ಕಾಣುವುದಿಲ್ಲ. ಬಣ್ಣ ಕಡಿಮೆ ಮಾಡಿದ ಪ್ಲಾಸ್ಟಿಕ್ ಗೊಂಬೆಯಂತೆ ಕಾಣುತ್ತವೆ. ದೋಷ ಶೇಡರಿನದಲ್ಲ, ಅದಕ್ಕೆ ಉಣಿಸುವ ಮಾಹಿತಿಯದು ಎಂಬುದು ಈ ಲೇಖನದ ವಾದ. ಮಾದರಿಯ ಮೇಲ್ಮೈ ತನ್ನ ಆಕಾರದ ಬಗ್ಗೆ ಅತಿಯಾಗಿ ಸತ್ಯ ಹೇಳುತ್ತದೆ. ಚಿತ್ರಕಾರ ಆ ಸತ್ಯದಲ್ಲಿ ಬಹುಪಾಲನ್ನು ಬಿಟ್ಟುಬಿಡುತ್ತಾನೆ. ಅನುಕರಣೆ ಎಂದರೆ ಆ ಬಿಡುವಿಕೆಯನ್ನು ಮಾದರಿಯೊಳಗೇ ಕೈಯಾರೆ ಇಡುವುದು.

ಮುಖದ ಮೇಲೆ ನೆರಳು ಏಕೆ ಹರಿದುಹೋಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಮಿತಿಯನ್ನು 0.5ಕ್ಕೆ ಇಟ್ಟಿದ್ದೇವೆ ಎಂದುಕೊಳ್ಳಿ. ಅಂದರೆ ಬೆಳಕು ಮತ್ತು ನಾರ್ಮಲ್ ನಡುವಿನ ಕೋನ 60 ಡಿಗ್ರಿ ಆದಲ್ಲಿ ನೆರಳಿನ ಅಂಚು ಬೀಳುತ್ತದೆ. ಕೆನ್ನೆಯ ಒಂದೆಡೆ ಜಾಲರಿಯ ಬಿಂದುಗಳು ಸರಿಯಾಗಿ ಕೂರದೆ ನಾರ್ಮಲ್ 5 ಡಿಗ್ರಿ ಓಲಿದೆ. ಸಾಮಾನ್ಯ ಶೇಡಿಂಗ್‌ನಲ್ಲಿ ಇದು ಹೆಚ್ಚು ಕಾಡದು: 60 ಡಿಗ್ರಿಯ ಕೊಸೈನ್ 0.5, 55 ಡಿಗ್ರಿಯದು 0.57. ಸುತ್ತಲಿನ ಬಣ್ಣದ ಇಳಿಜಾರಿನಲ್ಲಿ ಈ ವ್ಯತ್ಯಾಸ ಕರಗಿಹೋಗುತ್ತದೆ. ಟೂನ್‌ನಲ್ಲಿ ಹಾಗಲ್ಲ. ಇಲ್ಲಿ ಬಣ್ಣ ಬದಲಾಗುವುದಿಲ್ಲ, ಅಂಚಿನ ಜಾಗವೇ ಬದಲಾಗುತ್ತದೆ. ಅಂಚು ಎಷ್ಟು ಸರಿಯುತ್ತದೆ ಎಂಬುದು ಕೋನದ ತಪ್ಪನ್ನು ಆ ಜಾಗದ ವಕ್ರತಾ ತ್ರಿಜ್ಯದಿಂದ ಗುಣಿಸಿದಷ್ಟು. 10 ಸೆಂ.ಮೀ. ತ್ರಿಜ್ಯದ ಗೋಳದಲ್ಲಿ ಒಂದು ಡಿಗ್ರಿಯ ತಪ್ಪಿಗೆ ಅಂಚು ಸುಮಾರು 1.7 ಮಿ.ಮೀ. ಸರಿದರೆ, ಹೆಚ್ಚುಕಡಿಮೆ ಚಪ್ಪಟೆಯಾದ, 30 ಸೆಂ.ಮೀ. ತ್ರಿಜ್ಯದ ಕೆನ್ನೆಯಲ್ಲಿ 5 ಡಿಗ್ರಿಯ ತಪ್ಪಿಗೆ 2.6 ಸೆಂ.ಮೀ. ಸರಿಯುತ್ತದೆ. ಮುಖದ ಅಳತೆಗೆ ಇದು ಅರ್ಧ ಕೆನ್ನೆ. ಗೋಳದ ಮೇಲೆ ಸೊಗಸಾಗಿ ಕಂಡ ಶೇಡರ್ ಮುಖದ ಮೇಲೆ ಕಲೆಕಲೆಯಾಗುವುದಕ್ಕೆ ಕಾರಣ ಇದೇ. ಜಾಲರಿಯನ್ನು ಇನ್ನಷ್ಟು ಸೂಕ್ಷ್ಮ ಮಾಡಿದರೆ ತೊಂದರೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ, ಏಕೆಂದರೆ ಸೂಕ್ಷ್ಮ ಮಾಡಿದಷ್ಟೂ ಮೇಲ್ಮೈ ಇನ್ನಷ್ಟು ಏರಿಳಿತಗಳನ್ನು ವರದಿ ಮಾಡುತ್ತದೆ.

ಪರಿಹಾರ ಆಕಾರವನ್ನು ತಿದ್ದುವುದಲ್ಲ, ನಾರ್ಮಲ್‌ಗಳನ್ನು ಮಾತ್ರ ತಿದ್ದುವುದು. ಮುಖವನ್ನು ಸುತ್ತುವರಿಯುವಂತೆ ನಯವಾದ ಮೊಟ್ಟೆಯಾಕಾರವೊಂದನ್ನು ಇಟ್ಟು, ಬ್ಲೆಂಡರಿನಲ್ಲಾದರೆ `Data Transfer` ಮಾಡಿಫೈಯರ್ ಮೂಲಕ ಅದರ `Custom Normals` ಮಾಹಿತಿಯನ್ನು ಮುಖಕ್ಕೆ ಸಾಗಿಸಬೇಕು. ಆಗ ಮೂಗು, ಕೆನ್ನೆ, ಗದ್ದ ತಮ್ಮ ತಮ್ಮ ಜಾಗದಲ್ಲೇ ಇದ್ದು ಹೊರಗೆರೆಗೆ ಅದೇ ಆಕಾರ ಕೊಡುತ್ತವೆ. ನೆರಳಿನ ಪಾಲಿಗೆ ಮಾತ್ರ ಮುಖವೊಂದು ಮೊಟ್ಟೆ. ಆದರೆ ಮೊಟ್ಟೆಯ ಮೇಲೆ ಮೂಗಿನ ನೆರಳೇ ಬೀಳದು. ಚಿತ್ರಕಾರ ಬಿಡದೆ ಬರೆಯುವ ಒಂದೆರಡು ನೆರಳುಗಳನ್ನು, ಮೂಗಿನ ಕೆಳಗಿನ ಚೂರನ್ನು, ಗದ್ದದಡಿಯ ಕತ್ತನ್ನು, ಹಿಂದಕ್ಕೆ ತರಬೇಕು. ಅದಕ್ಕೆ ಬಿಂದುಗಳ ಮೇಲೆ ಬಳಿದ ಬೂದು ಬಣ್ಣದಿಂದ ಮಿತಿಯನ್ನೇ ಅಲ್ಲಲ್ಲಿ ಏರಿಸಿ ಇಳಿಸುವುದು ಸುಲಭದ ದಾರಿ:

```glsl
float d = dot(normalize(N), normalize(L));
float edge = 0.5 + 0.4 * (0.5 - v);
vec3 c = (d > edge) ? base : base * tint;
```

ಇಲ್ಲಿ `v` ಬಳಿದ ಬಣ್ಣದ ಮೌಲ್ಯ. ನಡುವಿನ ಬೂದು, ಅಂದರೆ 0.5 ಇದ್ದಲ್ಲಿ ಮಿತಿ ಮೊದಲಿನಂತೆ 0.5. ಪೂರ್ತಿ ಕಪ್ಪು ಬಳಿದಲ್ಲಿ ಮಿತಿ 0.7 ಆಗಿ, 46 ಡಿಗ್ರಿಗೇ ನೆರಳು ಶುರುವಾಗುತ್ತದೆ. ಬಿಳಿ ಬಳಿದಲ್ಲಿ 72 ಡಿಗ್ರಿಯವರೆಗೂ ಬೆಳಕು ನಿಲ್ಲುತ್ತದೆ. ನೆರಳಿಗೆ ಬಣ್ಣವನ್ನು ಬರಿದೆ ಕಪ್ಪಾಗಿಸದೆ `tint` ಎಂಬ ಬೇರೆ ಬಣ್ಣದಿಂದ ಗುಣಿಸುವುದನ್ನೂ ಗಮನಿಸಬೇಕು: ಚರ್ಮಕ್ಕೆ ಕೆಂಪು ಮಿಶ್ರಿತ, ಬಿಳಿಬಟ್ಟೆಗೆ ನೀಲಿ ಮಿಶ್ರಿತ. ಬೂದು ನೆರಳಿನ ಚರ್ಮ ಕಾಯಿಲೆ ಬಿದ್ದವರ ಚರ್ಮ.

ಆರ್ಕ್ ಸಿಸ್ಟಮ್ ವರ್ಕ್ಸ್ 2014ರಲ್ಲಿ ಹೊರತಂದ ಜಪಾನಿನ ಹೊಡೆದಾಟದ ಆಟ ಗಿಲ್ಟಿ ಗಿಯರ್ ಎಕ್ಸ್‌ಆರ್‌ಡಿ ಈ ವಾದಕ್ಕೆ ಸಿಗುವ ಬಲವಾದ ಸಾಕ್ಷ್ಯ. ಅದನ್ನು ನೋಡಿದ ಹಲವರು ಅನಿಮೆ ಚಿತ್ರವೆಂದೇ ನಂಬಿದ್ದರು, ಕ್ಯಾಮೆರಾ ತಿರುಗುವ ತನಕ. ಅದರ ತಾಂತ್ರಿಕ ಕಲಾವಿದ ಜುನ್ಯ ಕ್ರಿಸ್ಟೋಫರ್ ಮೊಟೊಮುರ 2015ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ವಿವರಿಸಿದ ಪ್ರಕಾರ ಅಲ್ಲಿನ ಶೇಡರಿನ ತಿರುಳು ಮೇಲಿನ ಮೂರು ಸಾಲಿಗಿಂತ ಬಹಳ ದೂರದ್ದಲ್ಲ. ಶ್ರಮವೆಲ್ಲ ಬೇರೆಡೆ ಹೋಗಿತ್ತು: ನಾರ್ಮಲ್‌ಗಳನ್ನು ಕೈಯಿಂದ ತಿರುಗಿಸಿದ್ದರು, ನೆರಳಿನ ಒಲವನ್ನೂ ಗೆರೆಯ ದಪ್ಪವನ್ನೂ ಬಿಂದುಗಳ ಬಣ್ಣದಲ್ಲಿ ಬರೆದಿಟ್ಟಿದ್ದರು, ಪ್ರತಿ ಪಾತ್ರಕ್ಕೂ ಅದರದೇ ಬೆಳಕು ಕೊಟ್ಟು ಆ ಬೆಳಕನ್ನು ಭಂಗಿಗೆ ತಕ್ಕಂತೆ ಚಲಿಸಿದ್ದರು. ಎದುರಾಬದುರು ನಿಂತ ಇಬ್ಬರ ಮೇಲೆ ಬೆಳಕು ಬೇರೆ ಬೇರೆ ಕಡೆಯಿಂದ ಬಿದ್ದರೂ ಆಡುವವನ ಕಣ್ಣಿಗೆ ಅದು ತಪ್ಪೆನಿಸಲಿಲ್ಲ. ಬೆಳಕಿನ ಭೌತಶಾಸ್ತ್ರಕ್ಕಿಂತ ನೆರಳಿನ ಆಕಾರವನ್ನೇ ಕಣ್ಣು ಮೊದಲು ಓದುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ನನಗೆ ತೋಚುವುದಿಲ್ಲ.

ಗೆರೆಯ ವಿಷಯದಲ್ಲೂ ಇದೇ ಕಥೆ. ಹೆಚ್ಚು ಬಳಕೆಯಲ್ಲಿರುವ ವಿಧಾನದಲ್ಲಿ ಮಾದರಿಯ ಇನ್ನೊಂದು ಪ್ರತಿಯನ್ನು ನಾರ್ಮಲ್ ದಿಕ್ಕಿನಲ್ಲಿ ಒಂದಿಷ್ಟು ಉಬ್ಬಿಸಿ, ಒಳಮೈ ಹೊರಗೆ ತಿರುಗಿಸಿ, ಕಪ್ಪು ಬಳಿದು, ಕ್ಯಾಮೆರಾಕ್ಕೆ ಬೆನ್ನು ಮಾಡಿದ ಮುಖಗಳನ್ನು ಅಡಗಿಸುತ್ತಾರೆ. ಉಬ್ಬಿದ ಚಿಪ್ಪಿನ ಅಂಚು ಮಾತ್ರ ಮಾದರಿಯ ಹಿಂದಿನಿಂದ ಇಣುಕಿ ಗೆರೆಯಾಗುತ್ತದೆ. ಬ್ಲೆಂಡರಿನಲ್ಲಿ ಇದು `Solidify`: `Offset` 1, `Normals` ಕೆಳಗಿನ `Flip` ಆನ್, `Material Index Offset` 1, ಆ ಎರಡನೇ ಮೆಟೀರಿಯಲ್‌ನಲ್ಲಿ `Backface Culling` ಆನ್. ಚಿಪ್ಪು ನೆರಳು ಬೀಳಿಸದಂತೆಯೂ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಇಡೀ ಮೈ ನೆರಳಿನ ಬಣ್ಣಕ್ಕೆ ತಿರುಗಿ, ಮಿತಿಯನ್ನು ಎಷ್ಟು ಎಳೆದಾಡಿದರೂ ಏನೂ ಆಗುವುದಿಲ್ಲ. ಎಡವುವುದು ದಪ್ಪದಲ್ಲಿ. ದಪ್ಪ 2 ಮಿ.ಮೀ., ಲೆನ್ಸ್ 50 ಮಿ.ಮೀ., ಸೆನ್ಸರ್ ಅಗಲ 36 ಮಿ.ಮೀ., ಚಿತ್ರದ ಅಗಲ 1920 ಪಿಕ್ಸೆಲ್ ಎಂದಿಟ್ಟುಕೊಳ್ಳೋಣ. ಪಾತ್ರ 2 ಮೀಟರ್ ದೂರದಲ್ಲಿದ್ದರೆ ಅಲ್ಲಿ ಚೌಕಟ್ಟು 1.44 ಮೀಟರ್ ಅಗಲ ಹಿಡಿಯುತ್ತದೆ, ಗೆರೆ ಸುಮಾರು 2.7 ಪಿಕ್ಸೆಲ್ ಬರುತ್ತದೆ, ಹದವಾದ ಗೆರೆ. ಅದೇ ಪಾತ್ರ 8 ಮೀಟರ್ ದೂರಕ್ಕೆ ಸರಿದರೆ ಗೆರೆ 0.67 ಪಿಕ್ಸೆಲ್‌ಗೆ ಇಳಿದು, ಚಲನೆಯಲ್ಲಿ ತುಂಡುತುಂಡಾಗಿ ಮಿನುಗುತ್ತದೆ. ಅರ್ಧ ಮೀಟರಿಗೆ ಬಂದರೆ 10 ಪಿಕ್ಸೆಲ್ ದಾಟಿ ಕಣ್ಣುರೆಪ್ಪೆಗಳನ್ನು ನುಂಗುತ್ತದೆ. ಕಾಗದದ ಮೇಲೆ ಬರೆಯುವವನ ಲೇಖನಿ ಪಾತ್ರದೊಡನೆ ದೂರ ಹೋಗುವುದಿಲ್ಲವಲ್ಲ!

ದಪ್ಪವನ್ನು ದೂರದಿಂದ ಗುಣಿಸಿ ಯಾವಾಗಲೂ ಒಂದೇ ಪಿಕ್ಸೆಲ್ ಅಳತೆಗೆ ಕಟ್ಟಿಹಾಕಿದರೆ ಸಾಲದೆ ಎಂದು ಕೇಳಬಹುದು. ಸಾಲದು. ದೂರದ ಚಿಕ್ಕ ಮುಖದ ಮೇಲೂ ಅಷ್ಟೇ ದಪ್ಪದ ಗೆರೆ ಬಿದ್ದು ಮುಖ ಮಸಿಯಾಗುತ್ತದೆ. ದೂರ ನಾಲ್ಕು ಪಟ್ಟಾದರೆ ಉಬ್ಬನ್ನು ಎರಡು ಪಟ್ಟು ಮಾಡುವಂಥ, ವರ್ಗಮೂಲದ ನಡುದಾರಿ ಒಳ್ಳೆಯದು; ಮೇಲಿನ ಉದಾಹರಣೆಯಲ್ಲಿ 8 ಮೀಟರಿಗೆ ಗೆರೆ 1.3 ಪಿಕ್ಸೆಲ್ ಉಳಿಯುತ್ತದೆ. ಇಷ್ಟಾದರೂ ಅದು ಒಂದೇ ದಪ್ಪದ ತಂತಿ. ಗದ್ದದಡಿ ದಪ್ಪ, ಕೆನ್ನೆಯಲ್ಲಿ ತೆಳು, ತುಟಿಯ ಕೊನೆಯಲ್ಲಿ ಶೂನ್ಯ ಎಂಬ ಏರಿಳಿತ ತರಲು `Solidify`ಯ `Vertex Group`ನಲ್ಲಿ ತೂಕ ಬಳಿಯಲೇಬೇಕು. ಇಲ್ಲೂ ಮತ್ತೆ ಕೈಕೆಲಸ.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ಬೇರೊಂದು. ತಕಫುಮಿ ಸೈತೊ ಮತ್ತು ತೊಕಿಇಚಿರೊ ತಕಹಾಶಿ 1990ರಲ್ಲೇ ಆಳ ಮತ್ತು ನಾರ್ಮಲ್‌ಗಳ ಚಿತ್ರಗಳನ್ನು ತೆಗೆದು, ಅವುಗಳಲ್ಲಿ ಮೌಲ್ಯ ಥಟ್ಟನೆ ಜಿಗಿಯುವಲ್ಲಿ ಗೆರೆ ಎಳೆಯುವುದನ್ನು ತೋರಿಸಿದ್ದರು. ಚಿತ್ರದ ಮೇಲೇ ಗೆರೆ ಹುಡುಕುವಾಗ ಮಾದರಿಯ ಮೇಲೆ ಒದ್ದಾಟ ಏಕೆ? ಕಟ್ಟಡ, ಯಂತ್ರ, ಹಿನ್ನೆಲೆಗಳಿಗೆ ಈ ಮಾತು ಒಪ್ಪತಕ್ಕದ್ದು, ಅಲ್ಲಿ ಈ ವಿಧಾನ ಸಮಯವನ್ನೂ ಉಳಿಸುತ್ತದೆ. ಆದರೆ ಅದಕ್ಕೆ ಜಿಗಿತ ಗೊತ್ತು, ಅರ್ಥ ಗೊತ್ತಿಲ್ಲ. ಕ್ಯಾಮೆರಾ ನೆಲಮಟ್ಟಕ್ಕೆ ಇಳಿದರೆ ನೆಲದ ಆಳ ಪಿಕ್ಸೆಲಿನಿಂದ ಪಿಕ್ಸೆಲಿಗೆ ಅಷ್ಟೊಂದು ಬದಲಾಗುವುದರಿಂದ ಸಮತಟ್ಟಾದ ನೆಲವೇ ದಿಗಂತದ ಕಡೆ ಕಪ್ಪಾಗುತ್ತದೆ. ಮಿತಿ ಏರಿಸಿದರೆ ನೆಲ ಶುಭ್ರವಾಗುತ್ತದೆ, ಜೊತೆಗೆ ಎದೆಯ ಮೇಲಿಟ್ಟ ಕೈಯ ಗೆರೆಯೂ ಮಾಯ. ಮುಖದಲ್ಲಂತೂ ಮೂಗಿನ ಒಂದು ಬದಿ ಮಾತ್ರ ಗೆರೆ ಬೇಕು ಎಂಬುದನ್ನು ಯಾವ ಜಿಗಿತವೂ ಹೇಳದು. ಡಿಸ್ನಿಯ 2012ರ ಕಿರುಚಿತ್ರ ಪೇಪರ್‌ಮ್ಯಾನ್ ಈ ಕಷ್ಟಕ್ಕೆ ನೇರ ಉತ್ತರ ಕಂಡುಕೊಂಡಿತು: ಗೆರೆಯನ್ನು ಕಲಾವಿದರೇ ಚಿತ್ರದ ಮೇಲೆ ಬರೆದರು, ಕಂಪ್ಯೂಟರ್ ಕೆಳಗಿನ ಮಾದರಿಯ ಚಲನೆಯನ್ನು ಹಿಡಿದು ಆ ಗೆರೆಯನ್ನು ಮುಂದಿನ ಚೌಕಟ್ಟುಗಳಿಗೆ ಒಯ್ದಿತು.

ಹಾಗಾದರೆ ಎಲ್ಲವನ್ನೂ ಕೈಯಿಂದಲೇ ಬರೆಯಬಹುದಿತ್ತಲ್ಲ ಎಂಬುದು ಉಳಿದ ಪ್ರಶ್ನೆ. ಮಾದರಿಯಲ್ಲಿ ಒಮ್ಮೆ ಬಳಿದ ತೂಕ, ಒಮ್ಮೆ ತಿರುಗಿಸಿದ ನಾರ್ಮಲ್ ಸಾವಿರ ಚೌಕಟ್ಟುಗಳಿಗೆ ದುಡಿಯುತ್ತದೆ, ಚಿತ್ರಕಾರನ ಗೆರೆ ಒಂದೇ ಚೌಕಟ್ಟಿಗೆ. ಆದರೆ ಈ ಉತ್ತರಕ್ಕೆ ಮಿತಿಯಿದೆ ಎಂಬುದನ್ನೂ ಒಪ್ಪಬೇಕು. ಮೊಟ್ಟೆಯ ನಾರ್ಮಲ್ ಮುಂಬದಿಗೆ ಮತ್ತು ಮುಕ್ಕಾಲು ಬದಿಗೆ ಚೆನ್ನಾಗಿದ್ದು, ಬೆಳಕು ಕೆಳಗಿನಿಂದ ಬಂದಾಗ ಸೋಲುತ್ತದೆ. ಅಂಥ ದೃಶ್ಯಕ್ಕೆ ಬೆಳಕನ್ನೇ ಆ ಶಾಟಿಗಾಗಿ ಸರಿಸಬೇಕು. ನಾರ್ಮಲ್ ತಿದ್ದಿದರೂ ಮೂಗು ಕೆನ್ನೆಯ ಮೇಲೆ ನಿಜವಾಗಿ ಬೀಳಿಸುವ ನೆರಳು `Shader to RGB` ಮೂಲಕ ಹಾಗೆಯೇ ನುಸುಳಿ ಗರಗಸದಂಥ ಅಂಚು ತರುತ್ತದೆ. ಮುಖ ತನ್ನ ಮೇಲೇ ನೆರಳು ಬೀಳಿಸದಂತೆ ತಡೆಯದೆ ಅದು ಹೋಗದು. ಇನ್ನೊಂದು ಸಣ್ಣ ವಿಷಯಕ್ಕೆ ದಿನಗಟ್ಟಲೆ ಹಾಳಾಗುತ್ತದೆ: ಬ್ಲೆಂಡರಿನ `View Transform` ಮೊದಲಿನಿಂದಲೇ ಫಿಲ್ಮಿಕ್ ಅಥವಾ ಎಜಿಎಕ್ಸ್ ಆಗಿರುವುದರಿಂದ ಆರಿಸಿದ ಬಣ್ಣ ಪರದೆಯ ಮೇಲೆ ಮಾಸಲಾಗಿ ಬರುತ್ತದೆ. ಅದನ್ನು `Standard` ಮಾಡದೆ ನೆರಳಿನ ಬಣ್ಣ ಹೊಂದಿಸುವುದು ವ್ಯರ್ಥ.

ಮಾದರಿ ಸಿದ್ಧವಾಗಿದೆಯೇ ಎಂದು ತಿಳಿಯಲು ಅದನ್ನು ಅಲ್ಲಾಡಿಸದೆ, ಬೆಳಕನ್ನು ಮಾತ್ರ ಹತ್ತು ಹತ್ತು ಡಿಗ್ರಿಯಂತೆ ಒಂದು ಸುತ್ತು ತಿರುಗಿಸಿ 36 ಚಿತ್ರ ತೆಗೆದು ಸಾಲಾಗಿ ನೋಡಿ. ನೆರಳಿನ ಅಂಚು ಒಂದೇ ಅಖಂಡ ಗೆರೆಯಾಗಿ ಮುಖ ದಾಟಿದರೆ ನಾರ್ಮಲ್ ಸರಿಯಿದೆ. ಎಲ್ಲಿ ನಡುವೆ ದ್ವೀಪದಂತೆ ಚುಕ್ಕೆ ಎದ್ದಿತೋ, ಅಲ್ಲಿಗೆ ಹೋಗಿ ತಿದ್ದಿ.