ಕನ್ನಡಕದ ನಂಬರು, ಸೆಂಟಿಮೀಟರಿನ ಲೆಕ್ಕ

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ, ಮಾನವನ ಕಣ್ಣಿನ ಪಾಠದ ಅಭ್ಯಾಸಗಳಲ್ಲಿ ಒಂದು ಪ್ರಶ್ನೆಯಿದೆ. ಒಬ್ಬ ವ್ಯಕ್ತಿಗೆ ದೂರದ ನೋಟ ಸರಿಯಾಗಲು −5.5 ಡಯಾಪ್ಟರ್ ಮಸೂರ ಬೇಕು, ಹತ್ತಿರದ ನೋಟಕ್ಕೆ +1.5 ಡಯಾಪ್ಟರ್. ಎರಡರ ಸಂಗಮ ದೂರ ಎಷ್ಟು? ನೂರನ್ನು ಡಯಾಪ್ಟರಿನಿಂದ ಭಾಗಿಸಿದರೆ ಸೆಂಟಿಮೀಟರಿನಲ್ಲಿ ಉತ್ತರ ಸಿಗುತ್ತದೆ: −18.2 ಮತ್ತು +66.7. ತಪ್ಪುವವರು ಹೆಚ್ಚಾಗಿ ಒಂದೇ ಜಾಗದಲ್ಲಿ ತಪ್ಪುತ್ತಾರೆ. ನೂರರ ಬದಲು ಒಂದನ್ನು ಭಾಗಿಸಿ, ಬಂದ 0.67ರ ಪಕ್ಕ ಮೀಟರ್ ಎನ್ನುವ ಕಡೆ ಸೆಂಟಿಮೀಟರ್ ಎಂದು ಬರೆದುಬಿಡುತ್ತಾರೆ. ಅಷ್ಟು ಕಡಿಮೆ ಸಂಗಮ ದೂರ ಬರಬೇಕಾದರೆ ಗಾಜು ಕಡಲೆಕಾಳಿನಂತೆ ಗುಂಡಗಿರಬೇಕು. ಅದನ್ನು ಯಾರೂ ಮೂಗಿನ ಮೇಲೆ ಏರಿಸುವುದಿಲ್ಲ.

ಲೆಕ್ಕ ಇಷ್ಟೇ. ಆದರೆ ದೂರವನ್ನೇ ನೇರವಾಗಿ ಬರೆಯದೆ, ಅದನ್ನು ತಲೆಕೆಳಗು ಮಾಡಿ ಚೀಟಿಯಲ್ಲಿ ಬರೆಯುವ ಪದ್ಧತಿ ಎಲ್ಲಿಂದ ಬಂತು ಎಂಬುದನ್ನು ಪಾಠ ಹೇಳುವುದಿಲ್ಲ. ಅದು ಗೊತ್ತಾದರೆ ಸೂತ್ರ ಮರೆಯುವುದು ಕಷ್ಟ.

ಮೊದಲು ಕನ್ನಡಕಕ್ಕೆ ನಂಬರೇ ಇರಲಿಲ್ಲ, ವಯಸ್ಸಿತ್ತು. 13ನೇ ಶತಮಾನದ ಕೊನೆಯಲ್ಲಿ ಇಟಲಿಯಲ್ಲಿ ಕನ್ನಡಕ ಹುಟ್ಟಿತು. 1460ರ ದಶಕದಲ್ಲಿ ಮಿಲಾನಿನ ಸ್ಫೋರ್ಜಾ ದೊರೆಗಳು ಫ್ಲಾರೆನ್ಸಿನಿಂದ ಡಜನ್‌ಗಟ್ಟಲೆ ಕನ್ನಡಕ ತರಿಸಿದ ಪತ್ರಗಳು ಉಳಿದಿವೆ. ಅವುಗಳಲ್ಲಿ 1466ರ ಬೇಡಿಕೆಯು ಮೂವತ್ತರ ವಯಸ್ಸಿಗೆ ಇಷ್ಟು, ಮೂವತ್ತೈದಕ್ಕೆ ಇಷ್ಟು ಎಂದು ಐದೈದು ವರ್ಷದ ಮೆಟ್ಟಿಲಿನಲ್ಲಿ ಏರುತ್ತದೆ. ನಮಗೆ ಇದು ಅಪರಿಚಿತವಲ್ಲ. ನಮ್ಮ ಅಜ್ಜಂದಿರ ‘ಚಾಳೀಸು’ ಎಂಬ ಮಾತಿನಲ್ಲಿರುವುದೂ ನಲವತ್ತರ ವಯಸ್ಸೇ. ಓದುವ ಕನ್ನಡಕದ ಮಟ್ಟಿಗೆ ಈ ಅಂದಾಜು ನಡೆಯುತ್ತದೆ, ಏಕೆಂದರೆ ಕಣ್ಣಿನೊಳಗಿನ ಮಸೂರ ಎಲ್ಲರಲ್ಲೂ ವಯಸ್ಸಿಗೆ ತಕ್ಕಂತೆ ಬಿಗಿಯಾಗುತ್ತ ಹೋಗುತ್ತದೆ. ದೂರ ಕಾಣದ ಹುಡುಗನಿಗೆ ಅದು ಏನೂ ಹೇಳದು.

ಗಾಜು ಉಜ್ಜುವವರು ಆಮೇಲೆ ಹಿಡಿದದ್ದು ಅಂಗುಲದ ದಾರಿ. ಹತ್ತು ಅಂಗುಲ ತ್ರಿಜ್ಯದ ಬಟ್ಟಲಿನಲ್ಲಿ ಎರಡೂ ಮುಖ ಉಜ್ಜಿದ ಗಾಜು ಹತ್ತನೇ ನಂಬರಿನದು. ಗಾಜಿನ ವಕ್ರೀಭವನ ಸೂಚ್ಯಂಕ ಸರಿಯಾಗಿ 1.5 ಇದ್ದರೆ ಅಂಥ ಮಸೂರದ ಸಂಗಮ ದೂರವೂ ಹತ್ತು ಅಂಗುಲವೇ ಆಗುತ್ತದೆ. ಹೀಗೆ ಬಟ್ಟಲಿನ ಅಳತೆಯೇ ಮಸೂರದ ಅಳತೆಯೂ ಆಯಿತು. ನಂಬರು ದೊಡ್ಡದಾದಷ್ಟೂ ಗಾಜು ದುರ್ಬಲ. ಅಂದರೆ ಇಂದು ವಿದ್ಯಾರ್ಥಿ ಭಾಗಿಸಿ ಕಂಡುಕೊಳ್ಳುವ ಸಂಗಮ ದೂರವನ್ನೇ ಆ ಕಾಲದಲ್ಲಿ ನಂಬರು ಎಂದು ಬರೆಯುತ್ತಿದ್ದರು.

ಹಾಗಿದ್ದರೆ ಅದನ್ನು ಬಿಟ್ಟದ್ದೇಕೆ? ಮೊದಲ ತೊಂದರೆ ಅಂಗುಲದ್ದೇ. ಪ್ಯಾರಿಸ್ಸಿನ ಅಂಗುಲ 27.07 ಮಿ.ಮೀ., ಇಂಗ್ಲೆಂಡಿನದು 25.4. ಹತ್ತನೇ ನಂಬರಿನ ಗಾಜನ್ನು ಇಂದಿನ ಲೆಕ್ಕಕ್ಕೆ ತಂದರೆ ಪ್ಯಾರಿಸ್ಸಿನದು 3.69 ಡಯಾಪ್ಟರ್, ಲಂಡನ್ನಿನದು 3.94. ವ್ಯತ್ಯಾಸ ಕಾಲು ಡಯಾಪ್ಟರ್. ಇಂದಿನ ಕನ್ನಡಕದಂಗಡಿಯಲ್ಲಿ ಅದು ಸರಿಯಾಗಿ ಒಂದು ಮೆಟ್ಟಿಲು.

ಅದಕ್ಕಿಂತ ದೊಡ್ಡ ತೊಂದರೆ ಕೂಡುವ ಲೆಕ್ಕದ್ದು. ಕಣ್ಣು ಪರೀಕ್ಷಿಸುವಾಗ ಒಂದು ಗಾಜಿನ ಮೇಲೆ ಇನ್ನೊಂದು ಗಾಜು ಇಟ್ಟು ನೋಡಬೇಕಾಗುತ್ತದೆ. ಹತ್ತನೇ ನಂಬರಿಗೆ ಇಪ್ಪತ್ತನೇ ನಂಬರು ಸೇರಿಸಿದರೆ ಮೂವತ್ತಾಗುವುದಿಲ್ಲ. 1/10ಕ್ಕೆ 1/20 ಕೂಡಿಸಿ, 3/20 ಪಡೆದು, ಅದನ್ನು ಮತ್ತೆ ತಿರುಗಿಸಿದರೆ ಆರೂ ಮುಕ್ಕಾಲರ ಹತ್ತಿರದ ನಂಬರು ಬರುತ್ತದೆ. ಪ್ರತಿ ರೋಗಿಯ ಮುಂದೆ ಈ ಭಿನ್ನರಾಶಿಯ ಕಸರತ್ತು. ಮೆಟ್ಟಿಲುಗಳೂ ಸಮವಲ್ಲ. ಎರಡನೇ ನಂಬರಿನಿಂದ ಮೂರಕ್ಕೆ ಇಳಿದರೆ ಸುಮಾರು ಆರೂವರೆ ಡಯಾಪ್ಟರ್ ಕುಸಿಯುತ್ತದೆ, ನಲವತ್ತರಿಂದ ನಲವತ್ತೊಂದಕ್ಕೆ ಇಳಿದರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ಜರ್ಮನಿಯ ನೇತ್ರವೈದ್ಯ ಆಲ್ಬ್ರೆಕ್ಟ್ ನಾಗೆಲ್ 1866ರಲ್ಲಿ ಸೂಚಿಸಿದ್ದು ಸರಳವಾಗಿತ್ತು: ಒಂದು ಮೀಟರ್ ಸಂಗಮ ದೂರದ ಮಸೂರವನ್ನೇ ಒಂದು ಎಂದು ಹಿಡಿಯೋಣ, ಅದರ ಎರಡರಷ್ಟು ಬಲದ್ದು ಎರಡು. 1872ರಲ್ಲಿ ಫ್ರಾನ್ಸಿನ ಫರ್ಡಿನಾಂಡ್ ಮೊನೊಯೆ ಆ ಘಟಕಕ್ಕೆ ‘ಡಯಾಪ್ಟರ್’ ಎಂದು ಹೆಸರಿಟ್ಟರು. ದೃಗ್ವಿಜ್ಞಾನದ ಬಗ್ಗೆ ಕೆಪ್ಲರ್ 1611ರಲ್ಲಿ ಬರೆದ ಪುಸ್ತಕದ ಹೆಸರೂ ಇದೇ ಗ್ರೀಕ್ ಬೇರಿನದು. 1875ರಲ್ಲಿ ಬ್ರಸೆಲ್ಸ್‌ನ ವೈದ್ಯಕೀಯ ಸಮ್ಮೇಳನ ಅದನ್ನು ಒಪ್ಪಿತು. ಹಳೆಯ ಹತ್ತು ಮತ್ತು ಇಪ್ಪತ್ತು ಈಗ ಹೆಚ್ಚುಕಡಿಮೆ ನಾಲ್ಕು ಮತ್ತು ಎರಡು. ಕೂಡಿದರೆ ಆರು, ತಿರುಗಿಸುವ ಗೋಜಿಲ್ಲ. ಹಳೆಯ ಅಂಗುಲದ ನಂಬರಿನಿಂದ ನಲವತ್ತನ್ನು ಭಾಗಿಸಿದರೆ ಡಯಾಪ್ಟರ್ ಸಿಗುತ್ತದೆ ಎಂಬ ಕೈಲೆಕ್ಕವೂ ಇಲ್ಲಿಂದಲೇ ಬಂತು. ಮೀಟರಿನಲ್ಲಿ ಸುಮಾರು ನಲವತ್ತು ಅಂಗುಲಗಳಿವೆ.

ನಾಗೆಲ್ ತಿರುಗಿಸಿದ್ದನ್ನೇ ಪರೀಕ್ಷೆಯ ಪ್ರಶ್ನೆ ಮತ್ತೆ ತಿರುಗಿಸುತ್ತದೆ. ಹಾಗೆ ಬಂದ ಸೆಂಟಿಮೀಟರನ್ನು ಕಣ್ಣಾರೆ ನೋಡಬಹುದು ಎಂಬುದು ನನಗೆ ಬಹಳ ಇಷ್ಟದ ಸಂಗತಿ. +2.50ರ ಓದುವ ಕನ್ನಡಕವೊಂದನ್ನು ತೆಗೆದುಕೊಂಡು, ಕಿಟಕಿಯ ಎದುರಿನ ಬಿಳಿ ಗೋಡೆಯ ಹತ್ತಿರ ಹಿಡಿದು ಮೆಲ್ಲಗೆ ಹಿಂದಕ್ಕೆ ತನ್ನಿ. ಗೋಡೆಯಿಂದ 40 ಸೆಂ.ಮೀ. ದೂರಕ್ಕೆ ಬಂದಾಗ ಕಿಟಕಿಯಾಚೆಯ ತೆಂಗಿನಮರ ತಲೆಕೆಳಗಾಗಿ, ಗರಿಗರಿಯೂ ಎದ್ದು ಕಾಣುವಂತೆ ಗೋಡೆಯ ಮೇಲೆ ಮೂಡುತ್ತದೆ. ಸ್ಕೇಲು ಇಟ್ಟು ಅಳೆಯಿರಿ. 41 ಮುಕ್ಕಾಲು ಬಂದರೆ ಗಾಜಿನದು ತಪ್ಪಲ್ಲ, ಮರ ಹತ್ತು ಮೀಟರ್ ದೂರದಲ್ಲಷ್ಟೇ ಇದೆ ಎಂದರ್ಥ. ಸಂಗಮ ದೂರದ ವ್ಯಾಖ್ಯೆ ಬಹಳ ದೂರದಿಂದ ಬರುವ ಸಮಾಂತರ ಕಿರಣಗಳನ್ನು ಕೇಳುತ್ತದೆ.

ಮೈನಸ್ ಗಾಜು ಗೋಡೆಯ ಮೇಲೆ ಏನನ್ನೂ ಮೂಡಿಸದು. ಅದರ ಸೆಂಟಿಮೀಟರು ತೊಟ್ಟವರ ಕಣ್ಣಿನಲ್ಲಿದೆ. −5.5ರ ವ್ಯಕ್ತಿ ಕನ್ನಡಕ ತೆಗೆದು ಪತ್ರಿಕೆಯನ್ನು ಮೂಗಿನಿಂದ ದೂರ ಸರಿಸುತ್ತ ಹೋದರೆ, ಕನ್ನಡಕ ಇದ್ದ ಜಾಗದಿಂದ ಸುಮಾರು 18 ಸೆಂ.ಮೀ. ದಾಟಿದಲ್ಲಿ ಅಕ್ಷರ ಮಸುಕಾಗಲು ಶುರುವಾಗುತ್ತದೆ. ಆ ಗಡಿಯೇ ಅವರ ಮಸೂರದ ಸಂಗಮ ದೂರ. ಬಹುದೂರದ ಬಸ್ಸಿನ ಬೋರ್ಡನ್ನು ಆ 18 ಸೆಂಟಿಮೀಟರಿನೊಳಗೆ ತಂದು ನಿಲ್ಲಿಸಿದಂತೆ ಕಾಣಿಸುವುದೇ ಆ ಗಾಜಿನ ಕೆಲಸ. ಮೈನಸ್ ಚಿಹ್ನೆ ಹೇಳುವುದೂ ಅದನ್ನೇ: ಬಿಂಬ ಗಾಜಿನ ಆಚೆ, ವಸ್ತುವಿನ ಕಡೆಯಲ್ಲೇ ಇದೆ. ಉತ್ತರದಲ್ಲಿ ಆ ಗೆರೆ ಬಿಟ್ಟರೆ ಮಸೂರವೇ ಬೇರೆಯಾಗುತ್ತದೆ. ಪ್ಲಸ್ ಕನ್ನಡಕಕ್ಕೂ ಇಂಥದೊಂದು ಗಡಿಯಿದೆ. ದೂರದ ನೋಟ ಚೆನ್ನಾಗಿರುವವರು +1.5 ಏರಿಸಿದರೆ 66.7 ಸೆಂಟಿಮೀಟರಿನಾಚೆ ಎಲ್ಲವೂ ಮಂಜು. ಓದುತ್ತ ತಲೆಯೆತ್ತಿದಾಗ ಬಾಗಿಲಲ್ಲಿ ನಿಂತವರ ಮುಖ ಕಲಸಿಹೋಗುವುದು ಇದರಿಂದಲೇ.

‘ಕನ್ನಡಕ ಇದ್ದ ಜಾಗದಿಂದ’ ಎಂದದ್ದು ಸುಮ್ಮನಲ್ಲ. ಗಾಜು ಕಣ್ಣಿನಿಂದ ಸುಮಾರು 12 ಮಿ.ಮೀ. ಮುಂದಿರುತ್ತದೆ. −5.5ರ ವ್ಯಕ್ತಿ ಕಣ್ಣಿಗೇ ಅಂಟುವ ಕಾಂಟ್ಯಾಕ್ಟ್ ಲೆನ್ಸ್ ಕೇಳಿದರೆ ಅದೇ ಸ್ಪಷ್ಟತೆಯ ಗಡಿ ಈಗ ಲೆನ್ಸಿನಿಂದ 18.2ಕ್ಕೆ 1.2 ಸೇರಿ 19.4 ಸೆಂ.ಮೀ. ದೂರದಲ್ಲಿರುತ್ತದೆ. ನೂರನ್ನು 19.4ರಿಂದ ಭಾಗಿಸಿದರೆ 5.15. ಹಾಗಾಗಿ ಲೆನ್ಸಿನ ಪೊಟ್ಟಣದ ಮೇಲೆ ಸಾಮಾನ್ಯವಾಗಿ −5.25 ಎಂದಿರುತ್ತದೆ, ಕನ್ನಡಕದ ಚೀಟಿಯಲ್ಲಿ −5.50. ಕಣ್ಣು ಬದಲಾಗಿಲ್ಲ, ದೂರ ಅಳೆಯುವ ಜಾಗ ಮಾತ್ರ ಸರಿದಿದೆ. −1.5ರವರಿಗೆ ಇದೇ ಲೆಕ್ಕ ಮಾಡಿದರೆ 1.47 ಬರುತ್ತದೆ, ಅವರ ಚೀಟಿಯೂ ಪೊಟ್ಟಣವೂ ಒಂದನ್ನೇ ಹೇಳುತ್ತವೆ.